ಕಾಂಕಾಲ್ ಕಡಲತೀರದ ಚಿತ್ರಕ್ಕೆ ಮೂರು ಸಾಲು

ಒಂದು ಚಿತ್ರವನ್ನು ಮೊದಲು ನಿಮ್ಮ ಕಣ್ಣಮುಂದೆ ತರುತ್ತೇನೆ. ಇವತ್ತಿನ ಮಾತೆಲ್ಲ ಅದರ ಕೆಳಗೆ ಬರೆಯಬೇಕಾದ ಮೂರು ಸಾಲುಗಳ ಬಗ್ಗೆಯೇ. ಫ್ರಾನ್ಸಿನ ವಾಯವ್ಯ ತುದಿಯಲ್ಲಿ ಬ್ರಿಟನಿ ಎಂಬ ಪ್ರಾಂತ. ಅಲ್ಲಿ ಸಿಂಪಿಗೆ ಹೆಸರಾದ ಕಾಂಕಾಲ್ ಎಂಬ ಊರು. ಕಡಲು ಇಳಿದಿದೆ. ಮೈಲುಗಟ್ಟಲೆ ಒದ್ದೆ ಮರಳು, ಮರಳಿನ ಗೆರೆಗೆರೆಯಲ್ಲೂ ನಿಂತ ನೀರು, ಮೇಲೆ ಬೂದು ಬಣ್ಣದ ಆಕಾಶ. ನಡುವೆ ಅರುವತ್ತು ದಾಟಿದ ಹೆಂಗಸೊಬ್ಬಳು ಮಂಡಿ ಮುಚ್ಚುವ ರಬ್ಬರ್ ಬೂಟು ಹಾಕಿಕೊಂಡು, ಬಾಗಿ, ಗಿಡ್ಡ ಹಿಡಿಯ ಕುಂಟೆಯಿಂದ ಮರಳು ಕೆರೆಯುತ್ತಿದ್ದಾಳೆ. ಪಕ್ಕದಲ್ಲಿ ತಂತಿಬುಟ್ಟಿ. ಬಹಳ ದೂರದಲ್ಲಿ, ದಿಗಂತದ ಮೇಲೆ, ಉಗುರಿನಷ್ಟು ಚಿಕ್ಕದಾಗಿ ಮೋಂ ಸ್ಯಾಂ ಮಿಶೆಲ್ ಎಂಬ ಬಂಡೆಗುಡ್ಡ ಮತ್ತು ಅದರ ಮೇಲಿನ ಮಠದ ಗೋಪುರ.

ಈ ಚಿತ್ರ ತೆಗೆದವಳು ನನ್ನ ಹಳೆಯ ವಿದ್ಯಾರ್ಥಿನಿ. ಶಿವಮೊಗ್ಗದ ಹುಡುಗಿ. ನನ್ನ ಹತ್ತಿರ ಎರಡು ವರ್ಷ ಫ್ರೆಂಚ್ ಕಲಿತು, ಓದಲು ರೆನ್ ನಗರಕ್ಕೆ ಹೋಗಿ, ಅಲ್ಲೇ ನಿಂತಳು. ಈಗ ಪ್ರವಾಸದ ಚಿತ್ರ ತೆಗೆಯುವುದೇ ಅವಳ ಕಸುಬು. ಇನ್‌ಸ್ಟಾಗ್ರಾಂನಲ್ಲಿ ಅವಳ ಚಿತ್ರ ನೋಡುವವರಲ್ಲಿ ಹೆಚ್ಚಿನವರು ಫ್ರೆಂಚರು. ಹಾಗಾಗಿ ಅಡಿಬರಹವೂ ಫ್ರೆಂಚಿನಲ್ಲೇ ಆಗಬೇಕು. ಈ ಚಿತ್ರವನ್ನು ಹಾಕಿದ ದಿನ ಸಂಜೆ ಅವಳು ನನಗೆ ಫೋನ್ ಮಾಡಿದಳು. ದನಿ ಸಪ್ಪಗಿತ್ತು.

‘ಮೇಡಂ, ಯಾರೋ ಕಾಂಕಾಲಿನವರೇ ಕೆಳಗೆ ಬರೆದಿದ್ದಾರೆ. ಇದು ಸೂರ್ಯೋದಯದ ಚಿತ್ರ ಆಗೋಕೆ ಸಾಧ್ಯವೇ ಇಲ್ಲ ಅಂತ. ನಾನು ಸೂರ್ಯೋದಯ ಅಂತ ಬರೆದೇ ಇಲ್ಲ!’

‘ಏನು ಬರೆದಿದ್ದೀಯ, ಪೂರ್ತಿ ಕಳಿಸು ನೋಡೋಣ’ ಎಂದೆ.

ಕಳಿಸಿದಳು. ಅಚ್ಚಿನಲ್ಲಿ ಓದುವವರಿಗಾಗಿ ಅದನ್ನು ಅವಳು ಬರೆದಂತೆಯೇ ಕೊಡುತ್ತೇನೆ:

Découvrez la magie de Cancale ! Perdu dans ce joyau niché entre terre et mer, une ballade hors du temps avec les pecheurs, à couper le souffle…

ಅದರ ಕೆಳಗೆ ಇಪ್ಪತ್ತೆರಡು ಹ್ಯಾಶ್‌ಟ್ಯಾಗ್. ಕನ್ನಡದಲ್ಲಿ ಇದರ ಸಾರ ಇಷ್ಟು: ‘ಕಾಂಕಾಲಿನ ಮಾಯೆಯನ್ನು ಕಂಡುಕೊಳ್ಳಿ! ನೆಲ ಕಡಲುಗಳ ನಡುವೆ ಅಡಗಿದ ಈ ರತ್ನದಲ್ಲಿ ಕಳೆದುಹೋಗಿ, ಮೀನುಗಾರರೊಂದಿಗೆ ಕಾಲದಾಚೆಯ ವಿಹಾರ, ಉಸಿರು ಕಟ್ಟಿಸುವಂಥದ್ದು.’

ಸೂರ್ಯೋದಯ ಎಲ್ಲಿತ್ತು ಎಂದರೆ, ಆ ಇಪ್ಪತ್ತೆರಡರ ಸಾಲಿನಲ್ಲಿತ್ತು. #leverdesoleil. ಅವಳು ಹ್ಯಾಶ್‌ಟ್ಯಾಗ್‌ಗಳ ಒಂದು ಪಟ್ಟಿಯನ್ನು ಫೋನಿನಲ್ಲಿ ಇಟ್ಟುಕೊಂಡಿದ್ದಳು. ಪ್ರತಿ ಚಿತ್ರಕ್ಕೂ ಅದನ್ನೇ ನಕಲಿಸಿ ಅಂಟಿಸುತ್ತಿದ್ದಳು. ಪಟ್ಟಿಯಲ್ಲಿ ಏನಿದೆ ಎಂದು ಅವಳೇ ಓದಿರಲಿಲ್ಲ. ಕಾಂಕಾಲಿನವರು ಓದಿದರು.

ಅವರಿಗೆ ಅಷ್ಟು ಖಚಿತವಾಗಿ ಹೇಗೆ ಗೊತ್ತಾಯಿತು? ಇದು ತಿಳಿಯಬೇಕಾದ ಸಂಗತಿ, ಏಕೆಂದರೆ ಆ ಚಿತ್ರದ ಸರಿಯಾದ ಅಡಿಬರಹ ಹುಟ್ಟಿದ್ದು ಇದರಿಂದಲೇ. ಮೋಂ ಸ್ಯಾಂ ಮಿಶೆಲ್ ಕೊಲ್ಲಿಯಲ್ಲಿ ಭರತ ಇಳಿತಗಳ ನಡುವಿನ ಅಂತರ ದೊಡ್ಡ ದಿನಗಳಲ್ಲಿ ಸುಮಾರು 14 ಮೀಟರ್ ಮುಟ್ಟುತ್ತದೆ. ಯುರೋಪಿನಲ್ಲೇ ಅತಿ ಹೆಚ್ಚಿನ ಅಂತರಗಳಲ್ಲಿ ಇದೂ ಒಂದು. ಇಳಿತದ ಬಲವನ್ನು ಫ್ರೆಂಚರು 20ರಿಂದ 120ರವರೆಗಿನ ಒಂದು ಅಂಕದಲ್ಲಿ ಹೇಳುತ್ತಾರೆ. ಅದಕ್ಕೆ ‘ಕೊಎಫಿಸಿಯಾಂ’ ಎಂದು ಹೆಸರು. 100 ದಾಟಿದರೆ ಅದು ‘ಗ್ರಾಂದ್ ಮಾರೇ’, ಮಹಾ ಉಬ್ಬರ. ವಿಷುವದ ಆಸುಪಾಸಿನಲ್ಲಿ, ಎಂದರೆ ಮಾರ್ಚ್ ಮತ್ತು ಸೆಪ್ಟೆಂಬರ್ ಹೊತ್ತಿನಲ್ಲಿ, ಇದು ಹೆಚ್ಚಾಗಿ ಬರುತ್ತದೆ. 2015ರ ಮಾರ್ಚ್ 21ರಂದು ಅಂಕ 119 ಆಗಿದ್ದಾಗ ಪತ್ರಿಕೆಗಳು ಅದನ್ನು ‘ಶತಮಾನದ ಉಬ್ಬರ’ ಎಂದು ಕರೆದವು. ಇನ್ನೊಂದು ಸಂಗತಿ: ಒಂದು ಬಂದರಿನಲ್ಲಿ ಮಹಾ ಉಬ್ಬರ ಬರುವ ಗಡಿಯಾರದ ಹೊತ್ತು ಹೆಚ್ಚು ಕಡಿಮೆ ಪ್ರತಿಸಲವೂ ಒಂದೇ. ಆ ಕೊಲ್ಲಿಯಲ್ಲಿ ಸೆಪ್ಟೆಂಬರಿನ ದೊಡ್ಡ ದಿನಗಳಲ್ಲಿ ಬೆಳಗಿನ ಹೊತ್ತು ಕಡಲು ತುಂಬಿರುತ್ತದೆ, ಮಧ್ಯಾಹ್ನ ಮೂರು ದಾಟಿದ ಮೇಲೆ ಪೂರ್ತಿ ಇಳಿದಿರುತ್ತದೆ. ಚಿತ್ರದಲ್ಲಿ ಮರಳು ಅಷ್ಟು ದೂರ ತೆರೆದುಕೊಂಡಿದ್ದನ್ನು ನೋಡಿದ ಊರಿನವರಿಗೆ ಅದು ಮಹಾ ಉಬ್ಬರದ ದಿನ ಎಂದು ತಿಳಿಯಿತು. ಹಾಗಿದ್ದ ಮೇಲೆ ಸೂರ್ಯೋದಯದ ಹೊತ್ತಿಗೆ ಆ ಹೆಂಗಸು ನಿಂತ ಜಾಗದಲ್ಲಿ ನೀರು ಇರಬೇಕಿತ್ತು.

‘ಎಷ್ಟು ಗಂಟೆಗೆ ತೆಗೆದೆ?’ ಎಂದು ಕೇಳಿದೆ.

‘ಮೂರೂ ನಲವತ್ತು ಮೇಡಂ. ಅವತ್ತು ಕೊಎಫಿಸಿಯಾಂ 108 ಅಂತ ಬಂದರಿನ ಹಲಗೆ ಮೇಲೆ ಬರೆದಿದ್ದರು.’

‘ಆ ಹೆಂಗಸು ಏನು ಹುಡುಕ್ತಿದ್ದಳು?’

‘ಪಾಲೂರ್ದ್. ಮರಳಲ್ಲಿ ಹುದುಗಿರೋ ಚಿಪ್ಪು. ಮಾತಾಡಿಸಿದೆ. ಎರಡು ಗಂಟೆಯಿಂದ ಕೆರೀತಿದ್ದೀನಿ, ಮೂರು ಹಿಡಿ ಸಿಕ್ಕಿದೆ, ಸೊಂಟ ಹಿಡಿದುಕೊಂಡಿದೆ ಅಂದರು.’

ಕೇಳುಗರೇ, ಅಡಿಬರಹ ಅಲ್ಲಿಯೇ ಇತ್ತು. ಅವಳು ಅದನ್ನು ಕೇಳಿಸಿಕೊಂಡು ಬಂದಿದ್ದಳು, ಬರೆಯುವಾಗ ಮಾತ್ರ ಬಿಟ್ಟಿದ್ದಳು.

ಅಡಿಬರಹಕ್ಕೆ ಫ್ರೆಂಚಿನಲ್ಲಿ ಇರುವ ಪದ ‘ಲೆಜಾಂದ್’. ದಂತಕಥೆಗೂ ಅದೇ ಪದ, ನಕಾಶೆಯ ಮೂಲೆಯಲ್ಲಿ ಚಿಹ್ನೆಗಳ ಅರ್ಥ ಬರೆಯುತ್ತಾರಲ್ಲ, ಅದಕ್ಕೂ ಅದೇ. ಲ್ಯಾಟಿನ್ ಮೂಲದಲ್ಲಿ ಅದರ ಅರ್ಥ ‘ಓದಬೇಕಾದದ್ದು’. ನಾನು ತರಗತಿಯಲ್ಲಿ ನಕಾಶೆಯ ಉದಾಹರಣೆಯನ್ನೇ ಕೊಡುತ್ತಿದ್ದೆ. ನಕಾಶೆಯ ಮೂಲೆಯ ಬರಹ ‘ಈ ನದಿ ಎಷ್ಟು ಸುಂದರ’ ಎನ್ನುವುದಿಲ್ಲ. ನೀಲಿ ಗೆರೆ ಎಂದರೆ ನದಿ ಎನ್ನುತ್ತದೆ. ಕಣ್ಣಿಗೆ ಕಂಡರೂ ತಿಳಿಯದೆ ಉಳಿದದ್ದನ್ನು ಮಾತ್ರ ಹೇಳುತ್ತದೆ. ಕಾಂಕಾಲಿನ ಚಿತ್ರದಲ್ಲಿ ಕಡಲ ಚೆಲುವು ಕಾಣುತ್ತಿದೆ. ಹೊತ್ತು ಕಾಣುವುದಿಲ್ಲ, ಉಬ್ಬರದ ಬಲ ಕಾಣುವುದಿಲ್ಲ, ಎರಡು ಗಂಟೆ ಬಾಗಿದ ಸೊಂಟದ ನೋವು ಕಾಣುವುದಿಲ್ಲ.

ಇನ್ನು ಅವಳ ಮೊದಲ ಬರಹವನ್ನು ಬಿಡಿಸಿ ನೋಡೋಣ. ಅದರಲ್ಲಿ ಒಂದೊಂದು ಪದವೂ ಒಂದೊಂದು ಪಾಠ.

‘ದೆಕುವ್ರೇ’, ‘ಕಂಡುಕೊಳ್ಳಿ’ ಎಂಬ ಆಜ್ಞಾರ್ಥ ಪ್ರವಾಸೋದ್ಯಮ ಕಚೇರಿಯ ಕರಪತ್ರದ ಮಾತು. ಫ್ರೆಂಚ್ ಓದುಗನಿಗೆ ಆ ಪದ ಕಣ್ಣಿಗೆ ಬಿದ್ದ ಕೂಡಲೇ ಯಾರೋ ಏನನ್ನೋ ಮಾರುತ್ತಿದ್ದಾರೆ ಅನ್ನಿಸುತ್ತದೆ. ‘ಜುವಾಯೋ’, ರತ್ನ; ‘ನಿಶೇ’, ಗೂಡಿನಲ್ಲಿ ಕುಳಿತ ಹಾಗೆ ಅಡಗಿದ; ‘ಆಂತ್ರ್ ತೆರ್ ಎ ಮೇರ್’, ನೆಲ ಕಡಲುಗಳ ನಡುವೆ; ‘ಒರ್ ದು ತಾಂ’, ಕಾಲದಾಚೆ; ‘ಆ ಕೂಪೆ ಲ್ ಸುಫ್ಲ್’, ಉಸಿರು ಕಟ್ಟಿಸುವ. ಇವೆಲ್ಲ ವ್ಯಾಕರಣಕ್ಕೆ ಸರಿಯಾದವೇ. ಆದರೆ ಫ್ರಾನ್ಸಿನ ಯಾವ ಹಳ್ಳಿಯ, ಯಾವ ಹೋಟೆಲಿನ ಕರಪತ್ರ ತೆಗೆದರೂ ಇವು ಸಿಗುತ್ತವೆ. ಕಾಂಕಾಲಿನ ಜಾಗದಲ್ಲಿ ಬೇರೆ ಯಾವ ಕಡಲೂರಿನ ಹೆಸರು ಹಾಕಿದರೂ ಆ ವಾಕ್ಯ ಹಾಗೆಯೇ ನಿಲ್ಲುತ್ತದೆ. ನನ್ನ ಪರೀಕ್ಷೆ ಅದೇ: ಊರಿನ ಹೆಸರು ಬದಲಿಸಿ ನೋಡು, ವಾಕ್ಯ ಬಿದ್ದುಹೋದರೆ ಅದು ಆ ಚಿತ್ರದ ವಾಕ್ಯ, ಬೀಳದಿದ್ದರೆ ಅಳಿಸು.

‘ಪೆರ್ದ್ಯು’, ‘ಕಳೆದುಹೋಗಿ’. ಇಲ್ಲಿ ಕನ್ನಡದವರು ಎಡವುವ ಜಾಗವಿದೆ. ಕನ್ನಡದಲ್ಲಿ ‘ನಾನು ಬಂದೆ, ನಾನು ಕಳೆದುಹೋದೆ’ ಎಂದರೆ ಹೇಳುವವರು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಫ್ರೆಂಚಿನಲ್ಲಿ ಬರೆದರೆ ತಿಳಿಯುತ್ತದೆ. ಗಂಡಸು ಬರೆದರೆ Perdu, ಹೆಂಗಸು ಬರೆದರೆ ಕೊನೆಗೊಂದು e ಸೇರಿ Perdue. ಉಚ್ಚಾರ ಎರಡಕ್ಕೂ ಒಂದೇ ಆದ್ದರಿಂದ ಮಾತಿನಲ್ಲಿ ಕಲಿತವರ ಕೈ ಇಲ್ಲಿ ತಪ್ಪುತ್ತದೆ. ಅಡಿಬರಹಗಳು ಹೆಚ್ಚಾಗಿ ಕರ್ತೃಪದ ಬಿಟ್ಟು ಇಂಥ ಒಂದು ಪದದಿಂದಲೇ ಶುರುವಾಗುತ್ತವೆ: ‘ಒಬ್ಬಳೇ’, ‘ಬಂದು ಸೇರಿದೆ’, ‘ಐದಕ್ಕೆ ಎದ್ದೆ’. Seule, Arrivée, Levée. ಆ ಒಂದು e ಬಿಟ್ಟರೆ ಮೊದಲ ಪದದಲ್ಲೇ ಬರೆದವಳು ಗಂಡಸಾಗಿಬಿಡುತ್ತಾಳೆ.

‘ಬಲಾದ್’. ವಿಹಾರ ಎಂಬ ಅರ್ಥದಲ್ಲಿ ಅದಕ್ಕೆ ಒಂದೇ l: balade. ಎರಡು l ಬರೆದರೆ ಅದು ಒಂದು ಬಗೆಯ ಕವಿತೆ ಅಥವಾ ಹಾಡು. ಫ್ರೆಂಚರೇ ಅನೇಕರು ಈ ತಪ್ಪು ಮಾಡುತ್ತಾರೆ, ಪ್ರವಾಸದ ಬರಹದಲ್ಲಂತೂ ದಿನಬೆಳಗಾದರೆ ಕಾಣುತ್ತದೆ. ಗೊತ್ತಿರುವ ಓದುಗ ಅಲ್ಲಿಯೇ ನಿಂತುಬಿಡುತ್ತಾನೆ.

‘ಪೆಶೆರ್’. ಇದು ಎಲ್ಲಕ್ಕಿಂತ ಗಂಭೀರ. ತಲೆಯ ಮೇಲೆ ಟೋಪಿಯಂಥ ಗುರುತಿದ್ದರೆ, pêcheur, ಮೀನುಗಾರ. ಓರೆ ಗೆರೆ ಇದ್ದರೆ, pécheur, ಪಾಪಿ. ಯಾವುದೂ ಇಲ್ಲದೆ pecheur ಎಂದು ಬರೆದರೆ ಓದುಗ ಊಹಿಸಿಕೊಳ್ಳಬೇಕು. ಫೋನಿನಲ್ಲಿ ಅವಸರದಲ್ಲಿ ಒತ್ತುವವರು ಈ ಗುರುತುಗಳನ್ನು ಬಿಡುತ್ತಾರೆ. ದೊಡ್ಡಕ್ಷರದಲ್ಲಿ ಬರೆಯುವಾಗ ಅವು ಬೇಕಿಲ್ಲ ಎಂದು ಶಾಲೆಯಲ್ಲಿ ಕಲಿತ ಫ್ರೆಂಚರೂ ಇದ್ದಾರೆ. ಫ್ರೆಂಚ್ ಅಕಾಡೆಮಿಯ ಮಾತು ಸ್ಪಷ್ಟವಾಗಿದೆ: ದೊಡ್ಡಕ್ಷರದಲ್ಲೂ ಗುರುತು ಬೇಕು, ಅದು ಕಾಗುಣಿತದ ಭಾಗ. ಕನ್ನಡದಲ್ಲಿ ದೀರ್ಘ ಬಿಟ್ಟು ‘ಕಾಡು’ ಅನ್ನು ‘ಕಡು’ ಎಂದು ಬರೆದ ಹಾಗೆ ಇದು. ಅಲಂಕಾರ ಹೋಯಿತು ಎಂದಲ್ಲ, ಪದವೇ ಬೇರೆಯಾಯಿತು. ಇಷ್ಟಕ್ಕೂ ಚಿತ್ರದಲ್ಲಿರುವವಳು ಮೀನುಗಾರ್ತಿಯಲ್ಲ. ಇಳಿತದಲ್ಲಿ ಬರಿಗಾಲಲ್ಲೋ ಬೂಟಿನಲ್ಲೋ ನಡೆದು ಚಿಪ್ಪು ಆಯುವುದಕ್ಕೆ ಆ ಕರಾವಳಿಯಲ್ಲಿ ಪ್ರತ್ಯೇಕ ಹೆಸರಿದೆ, ‘ಪೆಶ್ ಆ ಪ್ಯೇ’, ಕಾಲ್ನಡಿಗೆಯ ಬೇಟೆ. ಆ ಹೆಸರು ಬರೆದರೆ ಊರಿನವರು ಬರೆದವಳನ್ನು ನಂಬುತ್ತಾರೆ.

ಇನ್ನು ಆ ಉದ್ಗಾರ ಚಿಹ್ನೆ. ಫ್ರಾನ್ಸಿನಲ್ಲಿ ಉದ್ಗಾರ, ಪ್ರಶ್ನೆ, ಅರ್ಧವಿರಾಮ, ಇವುಗಳ ಹಿಂದೆ ಒಂದು ತೆರಪು ಬಿಡುತ್ತಾರೆ. ಕನ್ನಡದಂತೆ ಪದಕ್ಕೆ ಅಂಟಿಸುವುದಿಲ್ಲ. ಆ ತೆರಪು ಸಾಲು ಮುರಿಯದಂಥ ತೆರಪಾಗಿರಬೇಕು. ಸಾಮಾನ್ಯ ತೆರಪು ಹಾಕಿದರೆ ಫೋನಿನ ಕಿರಿದಾದ ಪರದೆಯಲ್ಲಿ ಪದ ಒಂದು ಸಾಲಿನ ಕೊನೆಗೂ ಉದ್ಗಾರ ಚಿಹ್ನೆ ಮುಂದಿನ ಸಾಲಿನ ಆರಂಭಕ್ಕೂ ಬೀಳಬಹುದು. ಮ್ಯಾಕ್ ಕಂಪ್ಯೂಟರಿನಲ್ಲಿ ಆಪ್ಷನ್ ಕೀಲಿಯೊಂದಿಗೆ ತೆರಪಿನ ಕೀಲಿ ಒತ್ತಿದರೆ ಮುರಿಯದ ತೆರಪು ಬರುತ್ತದೆ, ಅಲ್ಲಿ ಬರೆದು ಫೋನಿಗೆ ಕಳಿಸಿಕೊಳ್ಳಬಹುದು. ಕೆನಡಾದ ಕ್ವೆಬೆಕ್‌ನಲ್ಲಿ ಉದ್ಗಾರ ಮತ್ತು ಪ್ರಶ್ನೆಯ ಹಿಂದೆ ತೆರಪು ಬಿಡುವುದಿಲ್ಲ ಎಂಬುದನ್ನೂ ನೆನಪಿಡಬೇಕು. ನಾನು ಅವಳಿಗೆ ಹೇಳಿದ್ದು ಇನ್ನೂ ಸುಲಭದ ದಾರಿ: ಉದ್ಗಾರವನ್ನೇ ತೆಗೆ. ಚಿತ್ರ ಶಾಂತವಾಗಿದೆ, ಕೆಳಗಿನ ಮಾತು ಕೂಗಬಾರದು.

ಹಾಗಾದರೆ ದನಿ ಯಾವುದು? ಈ ಪ್ರಶ್ನೆಗೆ ಕನ್ನಡದವರು ಅರ್ಧ ಉತ್ತರ ಹುಟ್ಟಿನಿಂದಲೇ ಬಲ್ಲರು. ಫ್ರೆಂಚಿನ ‘ತ್ಯು’, ‘ವೂ’ ಎಂದರೆ ನಮ್ಮ ‘ನೀನು’, ‘ನೀವು’. ಸಾವಿರಾರು ಜನ ಓದುವ ಕಡೆ ‘ವೂ’ ಎಂದರೆ ಬಹುವಚನವೂ ಹೌದು, ಗೌರವವೂ ಹೌದು. ‘ತ್ಯು’ ಎಂದರೆ ಒಬ್ಬ ಓದುಗನ ಹೆಗಲ ಮೇಲೆ ಕೈ ಹಾಕಿದಂತೆ. ಹದಿಹರೆಯದವರಿಗೆ ವಸ್ತು ಮಾರುವ ಪುಟಗಳು ಹಾಗೆ ಮಾತನಾಡುತ್ತವೆ. ಅವಳ ಪುಟ ಓದುವವರಲ್ಲಿ ಆ ಚಿಪ್ಪು ಆಯುವ ಹೆಂಗಸಿನ ವಯಸ್ಸಿನವರೂ ಇದ್ದಾರೆ. ಆದ್ದರಿಂದ ಮಾತನಾಡಿಸಲೇಬೇಕಾದರೆ ‘ವೂ’.

ನಮ್ಮಲ್ಲಿ ಇಲ್ಲದ್ದು ಇನ್ನೊಂದಿದೆ, ‘ಓಂ’. ಬರೆಯುವುದು on. ‘ನಾವು’ ಎಂಬ ಅರ್ಥ, ಆದರೆ ಕ್ರಿಯಾಪದ ಏಕವಚನದ ಪ್ರಥಮ ಪುರುಷದ್ದು. ಆಡುಮಾತಿನಲ್ಲಿ ಫ್ರೆಂಚರು ‘ನಾವು’ ಎನ್ನಲು ಬಳಸುವುದು ಹೆಚ್ಚಾಗಿ ಇದನ್ನೇ. ಅಡಿಬರಹದಲ್ಲಿ ಇದು ತುಂಬ ಕೆಲಸಕ್ಕೆ ಬರುತ್ತದೆ, ಏಕೆಂದರೆ ಬರೆದವಳೂ ಓದುವವನೂ ಒಂದೇ ಪದದೊಳಗೆ ಬರುತ್ತಾರೆ. ಅವಳ ಎರಡನೆಯ ಯತ್ನ ಹೀಗಿತ್ತು:

On croyait la mer partie pour de bon.

‘ಕಡಲು ಹೋಗಿಯೇಬಿಟ್ಟಿತು ಅಂದುಕೊಂಡಿದ್ದೆವು.’ ಒಳ್ಳೆಯ ಸಾಲು. ಖಾಲಿ ಮರಳಿನ ಚಿತ್ರಕ್ಕೆ ಇದನ್ನೇ ಇಟ್ಟುಕೊ ಎಂದೆ. ಆದರೆ ಈ ಚಿತ್ರದಲ್ಲಿ ಹೆಂಗಸೊಬ್ಬಳಿದ್ದಾಳೆ. ಅವಳನ್ನು ಬಿಟ್ಟು ಕಡಲಿನ ಬಗ್ಗೆ ಮಾತನಾಡಿದರೆ ಚಿತ್ರದ ನಡುಭಾಗವನ್ನೇ ಬಿಟ್ಟ ಹಾಗಾಗುತ್ತದೆ.

ಮೂರನೆಯ ದಾರಿ ಮುಖ್ಯ ಕ್ರಿಯಾಪದವೇ ಇಲ್ಲದ ವಾಕ್ಯ. ಕನ್ನಡದಲ್ಲಿ ‘ಅವನು ನನ್ನ ತಮ್ಮ’ ಎಂಬುದು ಪೂರ್ಣ ವಾಕ್ಯ, ಅಲ್ಲಿ ಕ್ರಿಯಾಪದ ಇಲ್ಲವೆಂದು ಯಾರಿಗೂ ಅನ್ನಿಸುವುದಿಲ್ಲ. ಫ್ರೆಂಚಿನಲ್ಲಿ ಕ್ರಿಯಾಪದ ಬಿಡುವುದು ಬರೆಯುವವರು ತಿಳಿದು ಮಾಡುವ ಆಯ್ಕೆ, ಅದರಿಂದ ದಿನಚರಿಯ ದನಿ ಬರುತ್ತದೆ. ಹಡಗಿನವರು ತಮ್ಮ ದಿನಚರಿ ಪುಸ್ತಕದಲ್ಲಿ ಬರೆಯುವ ಹಾಗೆ: ಸ್ಥಳ, ಹೊತ್ತು, ಹವೆ. ಇಂಗ್ಲಿಷಿಗಿಂತ ಫ್ರೆಂಚ್ ಸಾಮಾನ್ಯವಾಗಿ ಉದ್ದ, ಪ್ರತಿ ನಾಮಪದಕ್ಕೂ ಮುಂದೊಂದು ಸಣ್ಣ ಪದ ಬೇಕು, ಸಂಬಂಧ ಹೇಳಲು ಇನ್ನೊಂದು ಬೇಕು. ಅಲ್ಲಿ ಇಲ್ಲಿ ಒಂದೊಂದು ಪದ ಕತ್ತರಿಸಿದರೆ ಅದು ಕುಂಟುತ್ತದೆ. ನಿಜವಾಗಿ ಚಿಕ್ಕದಾಗುವುದು ಕ್ರಿಯಾಪದವನ್ನು, ಅದರೊಂದಿಗೆ ಇಡೀ ವಿವರಣೆಯನ್ನು ಬಿಟ್ಟಾಗ.

ಚಿಕ್ಕದು ಎಂದರೆ ಎಷ್ಟು? ಇನ್‌ಸ್ಟಾಗ್ರಾಂ ಒಂದು ಬರಹಕ್ಕೆ 2,200 ಅಕ್ಷರದವರೆಗೆ ಬಿಡುತ್ತದೆ. ಆದರೆ ಚಿತ್ರಗಳು ಸಾಲಾಗಿ ಸರಿಯುವಾಗ ಸುಮಾರು 125 ಅಕ್ಷರದ ಬಳಿಕ ಕತ್ತರಿಸಿ ‘ಪ್ಲ್ಯುಸ್’, ಇನ್ನಷ್ಟು, ಎಂದು ತೋರಿಸುತ್ತದೆ. ಒತ್ತುವವರು ಕಡಿಮೆ. ಹಾಗಾಗಿ ಹೇಳಬೇಕಾದದ್ದು ಆ 125ರೊಳಗೆ ಮುಗಿಯಬೇಕು, ಅಥವಾ ಉದ್ದದ ಕಥೆಯಿದ್ದರೆ ಅಲ್ಲಿಯವರೆಗಿನ ಭಾಗ ತಾನಾಗಿಯೇ ನಿಲ್ಲುವಂತಿರಬೇಕು. ಕತ್ತರಿ ಬೀಳುವ ಜಾಗ ಎಲ್ಲರ ಫೋನಿನಲ್ಲೂ ಒಂದೇ ಅಲ್ಲ, ಸಾಲು ಬಿಟ್ಟರೆ ಇನ್ನೂ ಬೇಗ ಬೀಳುತ್ತದೆ. ಆದ್ದರಿಂದ ಮೊದಲ ಸಾಲಿನಲ್ಲಿ ಸ್ಥಳ ಮತ್ತು ಹೊತ್ತು ಬಂದುಬಿಡಬೇಕು ಎಂಬುದು ನನ್ನ ಲೆಕ್ಕ.

ಆ ಸಂಜೆ ಫೋನಿನಲ್ಲಿ, ಅರ್ಧ ಕನ್ನಡದಲ್ಲಿ ಅರ್ಧ ಫ್ರೆಂಚಿನಲ್ಲಿ, ನಾವು ಕೂಡಿ ಬರೆದದ್ದು ಇದು:

Cancale, 15 h 40, coefficient 108.
Deux heures qu’elle gratte le sable.
Trois poignées de palourdes, et le dos qui tire.

‘ಕಾಂಕಾಲ್, ಮಧ್ಯಾಹ್ನ 3.40, ಉಬ್ಬರದ ಅಂಕ 108. ಎರಡು ಗಂಟೆಯಿಂದ ಮರಳು ಕೆರೆಯುತ್ತಿದ್ದಾಳೆ. ಮೂರು ಹಿಡಿ ಚಿಪ್ಪು, ಎಳೆಯುವ ಸೊಂಟ.’ ಸಾಲುಬಿಡಿಕೆ ಸೇರಿ 120 ಅಕ್ಷರ. ‘ಲ್ ದೋ ಕಿ ತೀರ್’ ಎಂಬುದು ಫ್ರೆಂಚರು ಸೊಂಟಬೆನ್ನು ಹಿಡಿದಾಗ ನಿಜವಾಗಿ ಆಡುವ ಮಾತು, ಬೆನ್ನು ಎಳೆಯುತ್ತಿದೆ ಎಂದು. ಮೊದಲ ಸಾಲಿನಲ್ಲಿ ಭಾವನೆಯ ಒಂದು ಪದವೂ ಇಲ್ಲ. ಆದರೆ ಆ ಕರಾವಳಿಯವರಿಗೆ 15 h 40 ಮತ್ತು 108 ಎಂದರೆ ಇಡೀ ದಿನದ ಬೆಳಕು, ಗಾಳಿ, ನೀರಿನ ದೂರ ಕಣ್ಣೆದುರು ಬರುತ್ತದೆ. ಕರಾವಳಿ ಗೊತ್ತಿಲ್ಲದ ಪ್ಯಾರಿಸಿನವನಿಗೆ ಅಂಕ ತಿಳಿಯದಿದ್ದರೂ ಎರಡನೆಯ ಮೂರನೆಯ ಸಾಲು ಅವನದೇ. ಗಂಟೆ ಬರೆಯುವ ರೀತಿಯನ್ನೂ ಗಮನಿಸಿ: 15, ತೆರಪು, h, ತೆರಪು, 40. ನಡುವೆ ಎರಡು ಚುಕ್ಕೆ ಹಾಕಿದರೆ ಅದು ರೈಲಿನ ವೇಳಾಪಟ್ಟಿಯಂತೆ ಕಾಣುತ್ತದೆ.

ಇನ್ನು ಹ್ಯಾಶ್‌ಟ್ಯಾಗ್. 2007ರ ಆಗಸ್ಟಿನಲ್ಲಿ ಕ್ರಿಸ್ ಮೆಸಿನಾ ಎಂಬವರು ಟ್ವಿಟರಿನಲ್ಲಿ ಇದನ್ನು ಸೂಚಿಸಿದಾಗ ಉದ್ದೇಶ ಒಂದೇ ಇತ್ತು: ಒಂದೇ ವಿಷಯದ ಮಾತುಗಳನ್ನು ಒಂದು ಕಡೆ ಕೂಡಿಸುವುದು. ಫ್ರೆಂಚ್ ಸರ್ಕಾರ 2013ರ ಜನವರಿಯಲ್ಲಿ ಇದಕ್ಕೆ ‘ಮೋ-ದಿಯೆಜ್’ ಎಂಬ ಪದವನ್ನು ಅಧಿಕೃತವಾಗಿ ಪ್ರಕಟಿಸಿತು. ಕ್ವೆಬೆಕ್‌ನವರು ಅದಕ್ಕೂ ಮೊದಲೇ ‘ಮೋ-ಕ್ಲಿಕ್’ ಮಾಡಿಕೊಂಡಿದ್ದರು. ಫ್ರಾನ್ಸಿನ ಜನ ಮಾತಿನಲ್ಲಿ ಹ್ಯಾಶ್‌ಟ್ಯಾಗ್ ಎಂದೇ ಅನ್ನುತ್ತಾರೆ. ಹೆಸರು ಯಾವುದಾದರೂ ಇರಲಿ, ಅದು ಚಿತ್ರದ ವಿಳಾಸ. ವಿಳಾಸದಲ್ಲಿ ತಪ್ಪಿದ್ದರೆ ಕಾಗದ ಬೇರೆ ಮನೆಗೆ ಹೋಗುತ್ತದೆ.

ಫ್ರೆಂಚ್ ಭಾಷೆಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ಆ ದೇಶದ ಊರುಗಳ ಹೆಸರಿನಲ್ಲಿ ಅಡ್ಡಗೆರೆ ಹೆಚ್ಚು, ಪದಗಳ ನಡುವೆ ಲೋಪಚಿಹ್ನೆ ಹೆಚ್ಚು. ಹ್ಯಾಶ್‌ಟ್ಯಾಗ್ ಎರಡನ್ನೂ ಸಹಿಸುವುದಿಲ್ಲ. ಅವಳು ಹಾಕಿದ್ದ #Mont-Saint-Michel ಅಡ್ಡಗೆರೆ ಬಂದಲ್ಲಿಗೆ ಮುರಿದು #Mont ಮಾತ್ರ ಜೀವಂತ ಉಳಿದಿತ್ತು. ಗುಡ್ಡ ಎಂಬ ಒಂದು ಪದ. ಅವಳ ಚಿತ್ರ ಜಗತ್ತಿನ ಯಾವ ಯಾವುದೋ ಗುಡ್ಡಗಳ ಪಕ್ಕ ಹೋಗಿ ಕೂತಿತ್ತು. ತಪ್ಪನ್ನು ಗುರುತಿಸುವುದು ಸುಲಭ: ಪ್ರಕಟಿಸಿದ ಮೇಲೆ ಹ್ಯಾಶ್‌ಟ್ಯಾಗ್‌ನ ಬಣ್ಣ ನೋಡಬೇಕು. ಒತ್ತಬಹುದಾದ ಭಾಗದ ಬಣ್ಣವೇ ಬೇರೆ. ಬಣ್ಣ ಎಲ್ಲಿ ನಿಲ್ಲುತ್ತದೋ ವಿಳಾಸ ಅಲ್ಲಿಗೆ ಮುಗಿಯಿತು. ಆದ್ದರಿಂದ ಎಲ್ಲವನ್ನೂ ಕೂಡಿಸಿ #MontSaintMichel ಎಂದೇ ಬರೆಯಬೇಕು. ಪ್ರತಿ ಪದದ ಮೊದಲಕ್ಷರ ದೊಡ್ಡದಿದ್ದರೆ ಕಣ್ಣಿಗೂ ಸುಲಭ, ಕಣ್ಣು ಕಾಣದವರಿಗಾಗಿ ಪರದೆ ಓದುವ ತಂತ್ರಾಂಶಕ್ಕೂ ಪದಗಳನ್ನು ಬಿಡಿಸಿ ಓದಲು ನೆರವಾಗುತ್ತದೆ. ವಾಕ್ಯದೊಳಗೆ ಮಾತ್ರ ಹಾಗೆ ಕೂಡಿಸಬಾರದು. ಅಲ್ಲಿಯ ನಿಯಮ ಇನ್ನೂ ಸೂಕ್ಷ್ಮ: ಊರು ಎಂದಾದರೆ ಅಡ್ಡಗೆರೆಗಳೊಂದಿಗೆ le Mont-Saint-Michel, ಗುಡ್ಡ ಎಂದಾದರೆ le mont Saint-Michel.

ಗುರುತುಗಳ ವಿಷಯದಲ್ಲಿ ನಾನು ಅವಳಿಗೆ ಹೇಳಿದ್ದು: ಹ್ಯಾಶ್‌ಟ್ಯಾಗ್‌ನಲ್ಲೂ ಕಾಗುಣಿತ ಸರಿಯಾಗಿರಲಿ, #PêcheÀPied. ಗುರುತಿಲ್ಲದೆ ಬರೆಯುವವರೂ ಬಹಳ ಇರುವುದರಿಂದ ಎರಡು ರೂಪವನ್ನೂ ಹುಡುಕುಪಟ್ಟಿಯಲ್ಲಿ ಒತ್ತಿ ನೋಡು, ಒಳಗಿರುವ ಚಿತ್ರಗಳನ್ನು ನೋಡು. ಅಲ್ಲಿ ಬೂಟು, ಬುಟ್ಟಿ, ಮರಳು ಕಂಡರೆ ಅದು ನಿನ್ನ ಜಾಗ. ಹಣ್ಣಿನ ಬುಟ್ಟಿ ಕಂಡರೆ ಅಲ್ಲ, ಏಕೆಂದರೆ ಅದೇ ‘ಪೆಶ್’ ಎಂದರೆ ಪೀಚ್ ಹಣ್ಣೂ ಹೌದು.

ಎಷ್ಟು ಹಾಕಬೇಕು? ಬಹುಕಾಲ 30ರವರೆಗೆ ಅವಕಾಶವಿತ್ತು, ಅವಳಂಥವರು ಅದನ್ನು ತುಂಬಿಸುತ್ತಿದ್ದರು. ಇನ್‌ಸ್ಟಾಗ್ರಾಂ ಸಂಸ್ಥೆಯೇ 2021ರಲ್ಲಿ ಮೂರರಿಂದ ಐದು ಸಾಕು ಎಂದು ಬರೆಯುವವರಿಗೆ ತಿಳಿಸಿತು. #voyage, #france ಎಂಬಂಥ ಸಮುದ್ರಗಳಲ್ಲಿ ಒಂದು ಚಿತ್ರ ಕೆಲವು ನಿಮಿಷದಲ್ಲಿ ಮುಳುಗಿಹೋಗುತ್ತದೆ. #GrandesMarées ಹುಡುಕುವವನು ಉಬ್ಬರವನ್ನು ನೋಡಲೆಂದೇ ಬಂದವನು. ನಾವು ಉಳಿಸಿಕೊಂಡದ್ದು ನಾಲ್ಕು, ಮೂರು ಸಾಲಿನ ಕೆಳಗೆ ಒಂದು ಖಾಲಿ ಸಾಲು ಬಿಟ್ಟು:

#Cancale #PêcheÀPied #GrandesMarées #BaieDuMontSaintMichel

ಊರು, ಕೆಲಸ, ಸಂದರ್ಭ, ಸೀಮೆ. ಇವನ್ನು ವಾಕ್ಯದ ನಡುವೆ ಪೋಣಿಸುವುದು ನನಗೆ ಸರಿಕಾಣುವುದಿಲ್ಲ. ಫ್ರೆಂಚ್ ವಾಕ್ಯದ ಲಯ ಅದರ ಸಣ್ಣ ಸಣ್ಣ ಪದಗಳಲ್ಲಿದೆ, ನಡುವೆ ಒಂದು ಬಣ್ಣದ ಗಂಟು ಬಂದರೆ ಓದು ಅಲ್ಲಿಯೇ ತಡೆಯುತ್ತದೆ.

ವಿಳಾಸ ಕೊಡದಿರುವುದೇ ಒಳ್ಳೆಯದು ಎಂಬ ಜಾಗಗಳೂ ಇವೆ. ಮಾರ್ಸೇ ನಗರದ ಪಕ್ಕದ ಕಲಾಂಕ್ ರಾಷ್ಟ್ರೀಯ ಉದ್ಯಾನದಲ್ಲಿ ಸುಜಿತೋಂ ಎಂಬ ಪುಟ್ಟ ಕೊಲ್ಲಿಗೆ ಜನ ನುಗ್ಗಿ ಮಣ್ಣು ಸವೆದು, 2022ರಿಂದ ಬೇಸಿಗೆಯಲ್ಲಿ ಮೊದಲೇ ಹೆಸರು ಬರೆಸಿದ ದಿನಕ್ಕೆ 400 ಜನರನ್ನು ಮಾತ್ರ ಬಿಡುತ್ತಿದ್ದಾರೆ. ಅಂಥ ಪುಟ್ಟ ಮೂಲೆಗಳ ಚಿತ್ರಕ್ಕೆ ಅವಳು ಈಗ ಜಿಲ್ಲೆಯ ಹೆಸರನ್ನಷ್ಟೇ ಬರೆಯುತ್ತಾಳೆ. ಹೋಟೆಲಿನವರು ಉಳಿಸಿಕೊಂಡು ಊಟ ಹಾಕಿ ಚಿತ್ರ ತೆಗೆಸಿದ್ದರೆ ಅದಕ್ಕೂ ನಿಯಮವಿದೆ. 2023ರ ಜೂನ್ 9ರ ಫ್ರೆಂಚ್ ಕಾನೂನಿನ ಪ್ರಕಾರ publicité, collaboration commerciale ಅಥವಾ ಅದಕ್ಕೆ ಸಮನಾದ ಮಾತನ್ನು ಸ್ಪಷ್ಟವಾಗಿ ಕಾಣುವಂತೆ ಹಾಕಬೇಕು. ಹ್ಯಾಶ್‌ಟ್ಯಾಗ್‌ಗಳ ಬಾಲದಲ್ಲಿ ಅಡಗಿಸಿದರೆ ನಡೆಯುವುದಿಲ್ಲ.

ಅವಳು ಬರಹ ತಿದ್ದಿ ಹಾಕಿದ ಮರುದಿನ ಕಾಂಕಾಲಿನ ಅದೇ ಓದುಗರು ಮತ್ತೆ ಬರೆದರು. ಎರಡೇ ಪದ: ‘ಸೇ ಸಾ.’ ಇದೇ ಸರಿ.

ಕೊನೆಗೆ ನಮ್ಮ ಕಡೆಯ ಛಾಯಾಗ್ರಾಹಕರಿಗೆ ಒಂದು ಮಾತು. ಹಂಪಿಗೆ ಫ್ರೆಂಚ್ ಪ್ರವಾಸಿಗರು ಬರುತ್ತಾರೆ, ಅವರಿಗಾಗಿ ಫ್ರೆಂಚಿನಲ್ಲಿ ಬರೆಯಲು ಹೊರಟ ಕನ್ನಡದ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದಿದ್ದಾರೆ. ಅವರ ಮೊದಲ ಸಂದೇಹ ‘ಹಂಪಿಯ’ ಎನ್ನಲು d’Hampi ಎಂದು ಬರೆಯಬೇಕೋ de Hampi ಎಂದೋ. ಫ್ರೆಂಚರು h ಉಚ್ಚರಿಸದಿದ್ದರೂ ಹೊರದೇಶದ ಇಂಥ ಹೆಸರಿನ ಮುಂದೆ ಸಂಧಿ ಮಾಡದಿರುವುದೇ ವಾಡಿಕೆ. ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ 1986ರಲ್ಲಿ ಸೇರಿದ ಹಂಪಿಯ ಫ್ರೆಂಚ್ ಹೆಸರು Ensemble monumental de Hampi. ಊರಿಗೆ à Hampi, ರಾಜ್ಯಕ್ಕೆ au Karnataka, ದೇಶಕ್ಕೆ en Inde. ಈ ಮೂರು ಸಣ್ಣ ಪದಗಳು ಅದಲುಬದಲಾಗಬಾರದು. ನಮ್ಮ ಹರಿಗೋಲಿಗೆ ಫ್ರೆಂಚಿನಲ್ಲಿ coracle ಎಂಬ ಪದ ಆಗಲೇ ಇದೆ, ‘ಗುಂಡಗಿನ ದೋಣಿ’ ಎಂದು ಸುತ್ತಿಬಳಸಬೇಕಿಲ್ಲ. ಸಂಜೆಯ ತುಂಗಭದ್ರೆಯ ಮೇಲಿನ ಒಂದು ಚಿತ್ರಕ್ಕೆ ಹೀಗೆ ಬರೆಯಬಹುದು:

Hampi, 17 h 30. Le dernier coracle rentre à vide.

‘ಹಂಪಿ, ಸಂಜೆ ಐದೂವರೆ. ಕೊನೆಯ ಹರಿಗೋಲು ಖಾಲಿಯಾಗಿ ಮರಳುತ್ತಿದೆ.’ ಆದರೆ ಅದು ನಿಜವಾಗಿ ಕೊನೆಯದೇ, ನಿಜವಾಗಿ ಖಾಲಿಯೇ ಎಂಬುದನ್ನು ಹರಿಗೋಲಿನವನನ್ನು ಕೇಳಿ ತಿಳಿದ ಮೇಲೆ ಮಾತ್ರ ಬರೆಯಿರಿ. ಕ್ಯಾಮೆರಾ ಚೀಲದಲ್ಲಿ ಒಂದು ಪುಟ್ಟ ಪುಸ್ತಕ, ಒಂದು ಪೆನ್ಸಿಲ್ ಇಟ್ಟುಕೊಳ್ಳಿ. ಚಿತ್ರ ತೆಗೆದ ಜಾಗದಲ್ಲೇ ನಿಂತು ಗಂಟೆಯನ್ನೂ ಆ ಮನುಷ್ಯ ಏನು ಮಾಡುತ್ತಿದ್ದ ಎಂಬುದನ್ನೂ ಅವನ ಮಾತಿನಲ್ಲೇ ಬರೆದುಕೊಳ್ಳಿ. ಫ್ರೆಂಚ್ ಆಮೇಲೆ ಮನೆಗೆ ಬಂದು ಮಾಡಿಕೊಳ್ಳಬಹುದು.